ಗಜನಿಯ ಬಾಗಿಲು ಮತ್ತು ಮೊದಲ ಮೂರು ಸಾಲು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುಮಟೆಯ ಒಬ್ಬ ಕಂತ್ರಾಟುದಾರನ ಕಚೇರಿಯಲ್ಲಿ ಬರೆಯುವವನಾಗಿದ್ದೆ. ಕಚೇರಿ ಎಂದರೆ ಒಂದು ಅಂಗಡಿಯ ಮಾಳಿಗೆ, ಎರಡು ಮೇಜು, ಒಂದು ಟೈಪ್‌ರೈಟರ್. ಅದರಲ್ಲಿ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಕನ್ನಡದಲ್ಲಿ ಕೊಡಬೇಕಾದ ಟೆಂಡರುಗಳನ್ನು ನಾನು ಕೈಯಲ್ಲಿ ಬರೆಯುತ್ತಿದ್ದೆ. ಅವುಗಳ ಮೊದಲ ಸಾಲು ಯಾವಾಗಲೂ ಒಂದೇ: 'ನಮ್ಮ ಸಂಸ್ಥೆಯು ಮುಂಬಯಿ ಸರಕಾರದ ಕಾಲದಿಂದಲೂ ಸೇತುವೆ, ಮೋರಿ, ಕಟ್ಟೆ ಮೊದಲಾದ ಕೆಲಸಗಳಲ್ಲಿ ಜನರ ವಿಶ್ವಾಸಕ್ಕೆ ಪಾತ್ರವಾಗಿದೆ.' ಸಾಹುಕಾರರಿಗೆ, ಅಂದರೆ ನನ್ನ ಧಣಿಗೆ, ಈ ಸಾಲು ಮಂತ್ರದಂತೆ. ಕೇಳುವವನ ಬಾವಿ ಬತ್ತಿರಲಿ, ಗೋಡೆ ಬಿದ್ದಿರಲಿ, ನಾವು ಶುರುಮಾಡುವುದು ನಮ್ಮಿಂದ.

ಈಗ ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ನಂಬಿಕೆ ಇಲ್ಲ. ನೆನಪು ನನ್ನನ್ನು ಧೈರ್ಯವಂತನನ್ನಾಗಿ ಮಾಡಲು ಹವಣಿಸುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಮೊದಲ ವರ್ಷ ನಾನು ಏನನ್ನೂ ಮಾಡಲಿಲ್ಲ.

ಅಘನಾಶಿನಿಯ ದಂಡೆಯ ಒಂದು ಊರಿನಿಂದ ಕಾಗದ ಬಂದಿತ್ತು. ಅಲ್ಲಿ ಗಜನಿ ಇದೆ. ನದಿಗೆ ಉಬ್ಬರ ಬಂದಾಗ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು, ಅವುಗಳ ಸುತ್ತ ಕಟ್ಟೆ, ಕಟ್ಟೆಯಲ್ಲೊಂದು ಹಲಗೆಯ ಬಾಗಿಲು. ಮಳೆಗಾಲದಲ್ಲಿ ಬಾಗಿಲು ಹಾಕಿ ಕಗ್ಗ ಎಂಬ ತಳಿಯ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಾರೆ. ಬೆಳೆಗಾರರ ಕಮಿಟಿಯ ಕಾಗದದಲ್ಲಿ ಇದ್ದದ್ದು ಇಷ್ಟೇ: 'ಉಪ್ಪುನೀರಿನಿಂದ ಬೆಳೆ ನಾಶವಾಗುತ್ತಿದೆ. ಕಟ್ಟೆಯನ್ನು ಒಂದು ಮೊಳ ಎತ್ತರಿಸಬೇಕು. ದರ ತಿಳಿಸಿರಿ.'

ಅಳತೆಗೆ ನಾನೂ ನಮ್ಮ ಮೇಸ್ತ್ರಿಯೂ ಹೋದೆವು. ಬಿರುಬಿಸಿಲು. ಮೇಸ್ತ್ರಿ ಕಟ್ಟೆಯ ಮೇಲೆ ಟೇಪು ಹಿಡಿದು ನಡೆದ. ಬಾಗಿಲ ಪಕ್ಕದ ಎರಡು ಗದ್ದೆ ಮಾಡುತ್ತಿದ್ದ ಒಬ್ಬ ಹೆಂಗಸು ಹುಲ್ಲಿನ ಹೊರೆ ಇಳಿಸಿ ನಮ್ಮನ್ನೇ ನೋಡುತ್ತಿದ್ದಳು.

"ಎಂತ ಅಳೀತ್ರಿ?" ಎಂದಳು.

"ಕಟ್ಟೆ. ಎತ್ತರ ಮಾಡೂಕೆ," ಎಂದೆ ನಾನು.

"ಕಟ್ಟೆ ಎಂತ ಮಾಡ್ತು ತಮಾ? ನೀರು ಕಟ್ಟೆ ಹತ್ತಿ ಬಂದದ್ದು ನಾ ಹುಟ್ಟಿದ ಮೇಲೆ ಕಂಡಿಲ್ಲ. ಬಾಗಿಲಿಂದ ಬತ್ತದೆ. ತೆನೆ ಹಾಲು ಕಟ್ಟೂ ಹೊತ್ತಿಗೇ ಹಲಗೆ ಎತ್ತಿ ಬಿಡ್ತ್ರು. ಸಿಗಡಿ ಒಳಗೆ ಬರ್ಲಿ ಹೇಳಿ."

"ಯಾರು?"

ಅವಳು ಮೇಸ್ತ್ರಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಅದನ್ನ ನಾ ಹೇಳೂಕಿಲ್ಲ. ಎರಡು ವರ್ಷ ಆತು, ಜೊಳ್ಳು ಕೊಯ್ದೆ. ಈ ವರ್ಷದ್ದೂ ಹೋದ್ರೆ ಬಿತ್ತೂಕೆ ಬೀಜವೇ ಇಲ್ಲ. ಗದ್ದೆ ಒಡೆಯರು ಬೇರೆಯವರಿಗೆ ಕೊಡ್ತ್ರು."

ಬಸ್ಸಿನಲ್ಲಿ ವಾಪಸು ಬರುವಾಗ ಮೇಸ್ತ್ರಿ ನಗುತ್ತ ಹೇಳಿದ: ಸಿಗಡಿ ಹರಾಜು ಹಿಡಿದವನು ಕಮಿಟಿಯ ಅಧ್ಯಕ್ಷರ ಅಕ್ಕನ ಮಗ. ಊರಿಗೆಲ್ಲ ಗೊತ್ತು. ಹೇಳಿದರೆ ಮುಖ ಮುರಿಯುತ್ತದೆ. ಅದಕ್ಕೆ ಎಲ್ಲರೂ ಕೂಡಿ ಕಟ್ಟೆ ತಗ್ಗಾಗಿದೆ ಎಂದು ಬರೆದಿದ್ದಾರೆ.

ನಾನು ಬರೆದದ್ದೇನು? ಸಂಸ್ಥೆಯು ಮುಂಬಯಿ ಸರಕಾರದ ಕಾಲದಿಂದಲೂ. ಆಮೇಲೆ ಕಲ್ಲು, ಮಣ್ಣು, ಆಳು. ಆ ಹೆಂಗಸಿನ ಮಾತನ್ನು ನಾಲ್ಕನೆಯ ಪ್ಯಾರಾದಲ್ಲಿ ತುರುಕಿದೆ: 'ಬಾಗಿಲ ಹಲಗೆಗಳ ವಿಷಯವನ್ನೂ ಪರಿಶೀಲಿಸುವುದು ಒಳ್ಳೆಯದು.' ಅಷ್ಟು ಬರೆದೆನಲ್ಲ ಎಂದು ಕೆಲವು ದಿನ ನನ್ನನ್ನೇ ಮೆಚ್ಚಿಕೊಂಡಿದ್ದೆ. ನಾಲ್ಕನೆಯ ಪ್ಯಾರಾ ಎಂದರೆ ಏನೆಂದು ಸಭೆಯ ದಿನ ತಿಳಿಯಿತು.

ಸಭೆ ಶಾಲೆಯ ಜಗಲಿಯಲ್ಲಿ. ಅಲ್ಲಿನ ಪದ್ಧತಿ ಹೀಗೆ: ಬಂದ ಟೆಂಡರುಗಳನ್ನು ಶಾಲೆಯ ಮಾಸ್ತರರು ಗಟ್ಟಿಯಾಗಿ ಓದಬೇಕು, ಏಕೆಂದರೆ ಕೂತವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಮೂರು ಸಾಲು ಓದುವಷ್ಟರಲ್ಲಿ ಅಧ್ಯಕ್ಷರು ಕೈ ಎತ್ತಿ "ಆತು, ಗೊತ್ತಾತು. ಕಡೇದು ಓದಿ" ಎನ್ನುತ್ತಾರೆ. ಕಡೆಯದು ಎಂದರೆ ಮೊತ್ತ. ನಡುವಿನದನ್ನು ಯಾರೂ ಕೇಳುವುದಿಲ್ಲ. ಹೊನ್ನಾವರದವನೊಬ್ಬನ ಟೆಂಡರು ಅವನ ಅಜ್ಜನಿಂದ ಶುರುವಾಗಿತ್ತು. ನಮ್ಮದು ಮುಂಬಯಿ ಸರಕಾರದಿಂದ. "ಆತು, ಗೊತ್ತಾತು." ಹೆಂಗಸರು ಕಂಬದಾಚೆ ನಿಂತಿದ್ದರು. ಆ ಹೆಂಗಸು ಕಾದು ಕಾದು ನನ್ನನ್ನು ನೋಡಿದಳು. ನಾನು ಎದ್ದು ನಿಂತು 'ಮಾಸ್ತರೇ, ನಾಲ್ಕನೆಯ ಪ್ಯಾರಾ ಓದಿ' ಎಂದು ಹೇಳಿದ ಹಾಗೆ ನನಗೆ ನೆನಪಿದೆ. ಅದು ಸುಳ್ಳು. ನಾನು ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದೆ.

ಕೆಲಸ ನಮಗೇ ಸಿಕ್ಕಿತು. ಮಳೆಗೆ ಮುಂಚೆ ಕಟ್ಟೆ ಒಂದು ಮೊಳ ಎದ್ದಿತು. ಮಳೆಗಾಲ ಮುಗಿಯುವ ಹೊತ್ತಿಗೆ, ತೆನೆ ಹಾಲುಗಟ್ಟುವಾಗ, ಹಲಗೆ ಎದ್ದಿತು. ಎತ್ತರದ ಕಟ್ಟೆ ಬಾಗಿಲಿಂದ ಬಂದ ನೀರಿಗೆ ಏನು ಮಾಡಬೇಕು? ಬೇಸಿಗೆಗೆ ಅದೇ ಕಮಿಟಿಯಿಂದ ಮತ್ತೆ ಕಾಗದ: 'ಕಟ್ಟೆಯನ್ನು ಇನ್ನೂ ಒಂದು ಮೊಳ ಎತ್ತರಿಸಬೇಕು.'

ಆ ಕಾಗದ ಓದಿದಾಗ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಕಮಿಟಿಯ ಮೇಲೆ, ಸಾಹುಕಾರರ ಮೇಲೆ, ಆ ಸುಂದರವಾದ ಮೊದಲ ಸಾಲನ್ನು ನೂರು ಸಲ ಬರೆದ ನನ್ನ ಕೈಯ ಮೇಲೆ. ನಾನೊಬ್ಬನೇ ಮತ್ತೆ ಹೋಗಿ ನೋಡಿದೆ. ಬಾಗಿಲ ಹತ್ತಿರದ ಗದ್ದೆಗಳಲ್ಲಿ ಹೋದ ವರ್ಷದ ಕೂಳೆ ಉಪ್ಪಿಗೆ ಸುಟ್ಟಂತೆ ನಿಂತಿತ್ತು. ಬಾಗಿಲಿಂದ ದೂರ, ಕಟ್ಟೆಯ ಬುಡದ ಗದ್ದೆಗಳಲ್ಲಿ ಅಷ್ಟಿಲ್ಲ. ನೀರು ಬಂದ ದಾರಿ ನೆಲದ ಮೇಲೆಯೇ ಇತ್ತು. ಹೆಂಗಸು ಅಲ್ಲಿದ್ದಳು. ಮಾತಾಡಿಸಿದರೆ ತಿರುಗಿ ನೋಡಲಿಲ್ಲ.

"ನನ್ನ ಮಾತು ಕೇಂಡು ಹೋದೆ. ನಿನ್ನ ಕಾಗದದಲ್ಲಿ ನನ್ನ ಮಾತೇ ಇಲ್ಲ," ಎಂದಳು ಕಡೆಗೆ. "ಹೊಳೆಯಾಚೆಯ ತಂಗಿ ಮನೆಯಿಂದ ಬೀಜ ಕೇಳಿ ತಂದಿದ್ದೆ. ಇದು ಹೋದ್ರೆ ಮತ್ತೆ ಕೇಳೂಕೆ ಮುಖ ಇಲ್ಲ. ಒಡೆಯರೂ ಹೇಳಿ ಆತು, ಇದೇ ಕಡೆ ವರ್ಷ ಹೇಳಿ."

"ನಾಲ್ಕನೇ ಪ್ಯಾರಾದಲ್ಲಿ..." ಎಂದೆ.

"ಹೌದನ? ಅಲ್ಲಿ ಯಾರು ಇರ್ತ್ರು?"

ಆ ವಾರ ಸಾಹುಕಾರರು ಭಟ್ಕಳದ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದರು. ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟಿ ಹೋಗಿ ಬರುವುದೆಂದರೆ ಸಣ್ಣ ಕೆಲಸವಲ್ಲ. ಅದಕ್ಕೆ ಹೋಗುವ ಮುನ್ನ ನಾಲ್ಕೈದು ಖಾಲಿ ಲೆಟರ್‌ಹೆಡ್ಡಿನ ಕೆಳಗೆ ಸಹಿ ಹಾಕಿಟ್ಟು ಹೋಗುತ್ತಿದ್ದರು. ಅವುಗಳಲ್ಲಿ ಒಂದನ್ನು ತೆಗೆದುಕೊಂಡೆ.

ಮೊದಲು ಒರಟು ಕಾಗದದ ಮೇಲೆ ಬರೆದೆ: 'ನಿಮ್ಮ ಕಟ್ಟೆಗೆ ಏನೂ ಆಗಿಲ್ಲ. ನಿಮ್ಮ ಅಧ್ಯಕ್ಷರ ಸೋದರಳಿಯ ಸಿಗಡಿಯ ಆಸೆಗೆ ನಿಮ್ಮ ಅನ್ನಕ್ಕೆ ಉಪ್ಪು ಹಾಕುತ್ತಿದ್ದಾನೆ.' ಓದಿ ಬಹಳ ಖುಷಿಯಾಯಿತು. ಆಮೇಲೆ ಮಾಸ್ತರರು ಅದನ್ನು ಜಗಲಿಯಲ್ಲಿ ಓದುವುದನ್ನು ಕಲ್ಪಿಸಿಕೊಂಡೆ. ಎರಡನೆಯ ಸಾಲಿಗೆ ಅಧ್ಯಕ್ಷರು ಎದ್ದು ಹೋಗುತ್ತಾರೆ, ಉಳಿದವರು ಅವರ ಹಿಂದೆ. ಸಿಟ್ಟು ನನ್ನದು, ಗದ್ದೆ ಅವರದು. ಈ ಕಾಗದವೂ ಮುಂಬಯಿ ಸರಕಾರದ ಸಾಲಿನ ಹಾಗೆಯೇ ನನ್ನಿಂದಲೇ ಶುರುವಾಗುತ್ತಿತ್ತು. ಹರಿದೆ.

ಎರಡು ದಿನ ತೆಗೆದುಕೊಂಡೆ. ಯಾರ ಹೆಸರೂ ಇರಬಾರದು. ನಮ್ಮ ಹೆಸರು ಮೊದಲಿಗೆ ಬರಲೇಬಾರದು, ನಾವು ಮಾಡುವ ಕೆಲಸವೂ ಬರಬಾರದು. ಅವರು ಕಂಡದ್ದೇ ಇರಬೇಕು, ಆದರೆ ಅವರು ಹೇಳಲಾಗದೆ ಬಿಟ್ಟದ್ದು. ಮತ್ತು ಮಾಸ್ತರರ ಬಾಯಲ್ಲಿ ಮೂರೇ ಸಾಲಿಗೆ ಮುಗಿಯಬೇಕು. ಕೊನೆಗೆ ಕಾಗದದ ಮೇಲೆ ಇಳಿಸಿದ್ದು ಹೆಚ್ಚುಕಡಿಮೆ ಇದು. ಪ್ರತಿ ನನ್ನ ಬಳಿ ಇಲ್ಲ, ಒಂದೆರಡು ಶಬ್ದ ಈಗ ತಿದ್ದಿರಬಹುದು:

'ನಿಮ್ಮ ಗಜನಿಯಲ್ಲಿ ಬಾಗಿಲ ಹತ್ತಿರದ ಗದ್ದೆಗಳು ಮೊದಲು ಸುಡುತ್ತವೆ, ಕಟ್ಟೆಯ ಬುಡದವು ಕೊನೆಗೆ. ತೆನೆ ಹಾಲುಗಟ್ಟುವಾಗ ಉಬ್ಬರದ ನೀರು ಒಳಗೆ ನಿಂತರೆ ಭತ್ತ ಜೊಳ್ಳಾಗುತ್ತದೆ, ಮುಂದಿನ ವರ್ಷಕ್ಕೆ ಬೀಜ ಉಳಿಯುವುದಿಲ್ಲ. ಭತ್ತ ಗದ್ದೆಯಲ್ಲಿರುವಷ್ಟು ದಿನ ಬಾಗಿಲ ಹಲಗೆಗಳು ಯಾರ ಕೈಯಲ್ಲಿರಬೇಕೆಂದು ನೀವು ತೀರ್ಮಾನಿಸುವ ತನಕ ಕಟ್ಟೆ ಎಷ್ಟು ಎತ್ತರವಾದರೂ ನೀರು ಬರುವುದು ನಿಲ್ಲುವುದಿಲ್ಲ.'

ಕೆಳಗೆ ಸಣ್ಣ ಕೆಲಸವೊಂದನ್ನು ಬರೆದೆ: ಗಟ್ಟಿ ಮರದ ಹೊಸ ಹಲಗೆ, ಅದು ಕೂರುವ ಕಲ್ಲಿನ ಕಚ್ಚು ಸರಿಮಾಡುವುದು, ಸಂಕೋಲೆ, ಬೀಗ.

ಆ ವರ್ಷದ ಸಭೆಯಲ್ಲಿ ಮಾಸ್ತರರು ಅದನ್ನು ಓದಿದರು. ಅಧ್ಯಕ್ಷರ ಕೈ ಎಂದಿನಂತೆ ಮೇಲೆ ಬಂತು, ಆದರೆ "ಆತು" ಬರಲಿಲ್ಲ. ಕಂಬದಾಚೆಯಿಂದ ಆ ಹೆಂಗಸು ಹೇಳಿದಳು: "ಮಾಸ್ತರೇ, ಮತ್ತೊಂದು ಸಲ ಓದಿ."

ಮಾಸ್ತರರು ಅಧ್ಯಕ್ಷರನ್ನು ನೋಡಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿದರು. ಆಗ ಮೂಲೆಯಲ್ಲಿ ಕೂತಿದ್ದ ಸಿಗಡಿ ಹರಾಜಿನವನು ತಾನಾಗಿಯೇ ಎದ್ದ.

"ಬಾಗಿಲು ಮುಚ್ಚಿಟ್ರೆ ನಾ ಸಿಗಡಿ ಎಲ್ಲಿಂದ ತರೂದು? ಹರಾಜು ಹಿಡಿದದ್ದು ಸುಮ್ನೆಯಾ?"

"ಕಾಗದದಲ್ಲಿ ನಿನ್ನ ಹೆಸರು ಎಲ್ಲಿ ಬಂತೋ?" ಎಂದ ಒಬ್ಬ ಮುದುಕ. "ನಿನ್ನ ಬಾಯಲ್ಲೇ ಬಂತಲ." ಜಗಲಿಯ ಮೇಲೆ ನಗೆ ಎದ್ದಿತು. ಆ ನಗೆಯಲ್ಲಿ ಮಾತುಗಳೂ ಎದ್ದವು. ಮೂರು ವರ್ಷದ ಮಾತುಗಳು. ಅಧ್ಯಕ್ಷರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು. ಕೊನೆಗೆ, ನೋಡದೆಯೇ, ಅಳಿಯನಿಗೆ ಹೇಳಿದರು: "ಕೊಯ್ಲಾಗೂ ತನಕ ನೀ ಹಲಗೆ ಮುಟ್ಟೂಕಿಲ್ಲ." ಹಲಗೆ ಎತ್ತುವ ಇಳಿಸುವ ಅಧಿಕಾರ ಕೊಯ್ಲಿನ ತನಕ ಬಾಗಿಲ ಪಕ್ಕದ ಗದ್ದೆಯವರಿಗೆ ಎಂದು ಆಯಿತು. ಅಂದರೆ ಆ ಹೆಂಗಸಿಗೆ ಮತ್ತು ಇನ್ನೊಬ್ಬನಿಗೆ. ಹಲಗೆ ಊರ ಬಡಗಿಯೇ ಮಾಡುತ್ತಾನೆ, ಬೀಗ ಕುಮಟೆಯ ಅಂಗಡಿಯಿಂದ ತಂದರಾಯಿತು. ಕಟ್ಟೆ ಬೇಡ. ನಾವೂ ಬೇಡ.

ಸಾಹುಕಾರರು ಭಟ್ಕಳದಿಂದ ಬಂದು ಕೇಳಿದರು: "ನೀ ಎಂತ ಬರೆದದ್ದು ಅದು? ನನ್ನ ಸಹಿಯ ಮೇಲೆ?"

"ಅವರ ತೊಂದರೆ ಏನೆಂದು ಬರೆದೆ."

"ಅವರ ತೊಂದರೆ ಅವರಿಗೆ ಹೇಳಿದ್ರೆ ಅವರೇ ಸರಿಮಾಡ್ಕಳ್ತ್ರು. ಮತ್ತೆ ನಾವು ಯಾಕೆ?"

"ಹೋದ ವರ್ಷದ ಕಟ್ಟೆಯಿಂದ ಏನೂ ಆಗೂಕಿಲ್ಲ ಅಂತ ನಿಮಗೆ ಗೊತ್ತಿರಲಿಲ್ಲವೇ?"

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುತ್ತಲೇ ಹೇಳಿದರು: "ಗೊತ್ತಿಲ್ದೇ ಎಂತ ಮಾರಾಯಾ. ಮೇಸ್ತ್ರಿ ಮೊದಲನೇ ದಿನವೇ ಹೇಳಿದ್ದ. ಅದಕ್ಕೇ ಅಲ್ಲವಾ ನಾವು ನಮ್ಮಿಂದ ಶುರು ಮಾಡೂದು."

ಆಗ ನಾನು ಏನೋ ಹೇಳಿದೆ. ಬಹಳ ಒಳ್ಳೆಯ ಮಾತುಗಳನ್ನು ಹೇಳಿದೆನೆಂದು ನೆನಪು ಒತ್ತಾಯ ಮಾಡುತ್ತದೆ, ಅದನ್ನು ನಂಬುವುದಿಲ್ಲ. ನಂಬುವುದು ಇಷ್ಟನ್ನು: ಮರುದಿನ ಆ ಮಾಳಿಗೆಯ ಮೆಟ್ಟಿಲು ಹತ್ತಲಿಲ್ಲ, ಹತ್ತಬೇಡ ಎಂದು ಅವರೇ ಹೇಳಿದ್ದರು. ಊರಿನವರ ತೊಂದರೆ ಏನೆಂದು ಸಾಹುಕಾರರಿಗೆ ಗೊತ್ತಿತ್ತು. ಗೊತ್ತಿದ್ದವರು ಬರೆಯಲಿಲ್ಲ. ಗೊತ್ತಾದ ಮೇಲೂ ಒಂದು ವರ್ಷ ನಾನು ಬರೆಯಲಿಲ್ಲ, ಆ ಒಂದು ವರ್ಷಕ್ಕೆ ಒಬ್ಬಳ ಬೀಜ ಹೋಯಿತು.

ಮಳೆ ಕಳೆದ ಮೇಲೆ ಮೇಸ್ತ್ರಿ ಕುಮಟೆಯ ಪೇಟೆಯಲ್ಲಿ ಸಿಕ್ಕಿದ. ಗಜನಿಯಲ್ಲಿ ಕೊಯ್ಲು ಆಯಿತು, ಬಾಗಿಲ ಪಕ್ಕದ ಗದ್ದೆಯಲ್ಲೂ ಆಯಿತು, ಆ ಹೆಂಗಸು ಮೊದಲು ಬೀಜಕ್ಕೆಂದು ಎತ್ತಿಟ್ಟು ಆಮೇಲೆ ಗೇಣಿ ಅಳೆದಳು, ಒಡೆಯರು ಗದ್ದೆ ಬಿಡಿಸಲಿಲ್ಲ ಎಂದ. ಹೋಗಿ ನೋಡಿ ಬಾ ಎಂದ. ನಾನು ಹೋಗಲಿಲ್ಲ.