ಗವಸಮ್ಮ ಕೊಟ್ಟ ನೋಟೀಸು

ಸೋಫಾ ಮೇಸ್ತ್ರಿಯ ಹೆಂಡತಿಗೆ ತವರಿನವರು ಇಟ್ಟ ಹೆಸರೊಂದು ಇತ್ತು. ಆದರೆ ಬೀದಿಗೆಲ್ಲ ಅವಳು ಗವಸಮ್ಮ. ಗಂಡ ಹಳೆಯ ಸೋಫಾಗಳ ಹೊಟ್ಟೆ ಬಗೆದು ಸ್ಪ್ರಿಂಗು, ಸ್ಪಂಜು ಸರಿಮಾಡಿದರೆ ಮೇಲಿನ ಗವಸು ಕತ್ತರಿಸಿ ಹೊಲಿಯುವವಳು ಇವಳು. ದಪ್ಪ ರೆಕ್ಸಿನ್ನನ್ನು ಮಿಷನ್ನಿಗೆ ಒಡ್ಡಿ ಒಡ್ಡಿ ಬಲಗಡೆಯ ಭುಜ ಮರಗಟ್ಟಿತ್ತು. ಬೆಳಗ್ಗೆ ಎದ್ದರೆ ಬಾಚಣಿಗೆ ಹಿಡಿದ ಕೈ ಕಿವಿಯ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮಿಷನ್ನು ಬಿಡಮ್ಮ, ಇಲ್ಲದಿದ್ದರೆ ಕೈಯನ್ನೇ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಬಿಡುವುದೆಂದರೆ ಮಳಿಗೆಯನ್ನೇ ಬಿಡಬೇಕು. ಬಾಡಿಗೆ ಕಟ್ಟುವುದಕ್ಕೆ ಹೊಲಿಯಬೇಕು, ಹೊಲಿಯುವುದಕ್ಕೆ ಮಳಿಗೆ ಬೇಕು. ಗಾಣದೆತ್ತು ಸುತ್ತಿದ ಹಾಗೆ ವರ್ಷಗಳು ಸುತ್ತಿದ್ದವು. ಮೇಸ್ತ್ರಿಯ ಸೊಂಟವೂ ಮೊದಲಿನದಲ್ಲ. ಮನೆಯಲ್ಲೇ ಕೂತು ದಿಂಬಿನ ಚೀಲ ಹೊಲಿದುಕೊಂಡರೆ ಇಬ್ಬರ ಹೊಟ್ಟೆ ನಡೆಯುತ್ತದೆ ಎಂದು ಅವಳು ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು. ಆದರೆ ಮಳಿಗೆಯ ಬಾಡಿಗೆ ಕರಾರು ಐದು ವರ್ಷದ್ದು, ಮುಗಿದದ್ದು ಮೂರೇ.

ಮಳಿಗೆ ಬಿಡುತ್ತೇವೆ ಎಂದು ಮೇಸ್ತ್ರಿ ಹೇಳದೇ ಇರಲಿಲ್ಲ. ಕಟ್ಟಡದ ಯಜಮಾನರು ದಿನಾ ಸಂಜೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಊರಿನ ಸುದ್ದಿಯನ್ನೆಲ್ಲ ಜರಡಿ ಹಿಡಿದು ಹೋಗುವವರು. ಅವರ ಕಿವಿಗೆ ಎರಡು ಸಲ, ಮೂರು ಸಲ ಹಾಕಿದ್ದ. ಆಗಲಿ ನೋಡೋಣ, ಅವಸರವೇನು ಎಂದು ಅವರು ಚಹಾದ ಲೋಟ ಕೆಳಗಿಡುತ್ತಿದ್ದರು. ಒಪ್ಪಿದ್ದಾರೆ ಎಂದು ಮೇಸ್ತ್ರಿ ತಿಳಿದ. ಒಪ್ಪಿದವರು ಹಾಗೆ ಲೋಟ ಇಡುವುದಿಲ್ಲ ಎಂದು ಗವಸಮ್ಮನಿಗೆ ಗೊತ್ತಿತ್ತು. ಪಕ್ಕದ ಎರಡು ಮಳಿಗೆ ಖಾಲಿ ಬಿದ್ದಿದ್ದವು. ಇರುವ ಒಬ್ಬ ಬಾಡಿಗೆದಾರನನ್ನು ಯಾರು ತಾನೇ ಬಿಟ್ಟಾರು?

ಕೊನೆಗೆ ಕರಾರಿನ ಕಾಗದ ಹಿಡಿದುಕೊಂಡು ಅವಳೇ ವಕೀಲಮ್ಮನ ಹತ್ತಿರ ಹೋದಳು. ಆಕೆಯ ಆಫೀಸಿನ ಕುರ್ಚಿಗಳಿಗೆಲ್ಲ ಇವಳದೇ ಹೊಲಿಗೆ. ವಕೀಲಮ್ಮ ಓದಿ ಬಿಡಿಸಿ ಹೇಳಿದಳು. ಮೊದಲ ಎರಡು ವರ್ಷ ಬಿಡುವಂತಿಲ್ಲ, ಅದು ಮುಗಿದಿದೆ. ಆಮೇಲೆ ಬಾಡಿಗೆದಾರರು ಮೂರು ತಿಂಗಳ ನೋಟೀಸು ಕೊಟ್ಟು ಅವಧಿಗೆ ಮುಂಚೆಯೇ ಬಿಡಬಹುದು. ಆದರೆ ನೋಟೀಸು ಬರಹದಲ್ಲಿ ಇರಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ. ಕೈಯಲ್ಲಿ ಕೊಟ್ಟು ಸಹಿ ಪಡೆಯಬೇಕು, ಇಲ್ಲವೇ ಕರಾರಿನಲ್ಲಿರುವ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಅವರಿಗೆ ತಲುಪಿದ ದಿನದಿಂದ ಮೂರು ತಿಂಗಳ ಎಣಿಕೆ. ಅಲ್ಲಿಯವರೆಗೆ ಬಾಡಿಗೆ ತಪ್ಪುವುದಿಲ್ಲ. ಖಾಲಿ ಮಾಡಿ ಬೀಗದ ಕೈ ಕೊಟ್ಟ ದಿನ, ಬಾಕಿ, ರಿಪೇರಿ ಏನಾದರೂ ಇದ್ದರೆ ಹಿಡಿದುಕೊಂಡು ಉಳಿದ ಮುಂಗಡ ವಾಪಸು.

ಯಜಮಾನರ ಎದುರು ನಿಂತು ಕಾಗದ ಚಾಚುವುದು ಮೇಸ್ತ್ರಿಗೆ ಆಗದ ಮಾತು. ದಿನಾ ಮುಖ ನೋಡುವವರಲ್ಲವೇ ಎಂದ. ಹಾಗಾಗಿ ಅಂಚೆಯೇ ಗತಿಯಾಯಿತು. ವಕೀಲಮ್ಮ ಬರೆದುಕೊಟ್ಟಳು, ಮೇಸ್ತ್ರಿ ಸಹಿ ಹಾಕಿದ, ಗವಸಮ್ಮ ಅಂಚೆ ಕಚೇರಿಗೆ ಹೋಗಿ ಕಳಿಸಿ ಬಂದಳು.

ಎಡವಟ್ಟು ಆದದ್ದು ಅಲ್ಲೇ. ಕರಾರು ಬರೆಯುವಾಗ ಯಜಮಾನರು ಮಳಿಗೆಯ ಮೇಲಿನ ಮಹಡಿಯಲ್ಲಿದ್ದರು. ಕಾಗದದಲ್ಲಿ ಇದ್ದದ್ದು ಆ ವಿಳಾಸ. ಆಮೇಲೆ ಮೆಟ್ಟಿಲು ಹತ್ತಲಾರದೆ ಹಿಂದಿನ ಬೀದಿಗೆ ಮನೆ ಬದಲಾಯಿಸಿದರು, ವಿಳಾಸ ಬದಲಾಯಿಸಲಿಲ್ಲ. ಅವರ ಹೆಸರಿಗೆ ಏನೇ ಬರಲಿ, ಅಂಚೆಯವನು ಕೆಳಗಿನ ಮಳಿಗೆಗೆ ಕೊಟ್ಟು ಹೋಗುತ್ತಿದ್ದ. ಸಹಿ ಬೇಕಾದರೆ ಮೇಸ್ತ್ರಿ ಹಾಕುತ್ತಿದ್ದ. ಸಂಜೆ ಯಜಮಾನರು ಬಂದಾಗ ಕಟ್ಟು ಅವರ ಕೈಗೆ ಸೇರುತ್ತಿತ್ತು.

ಅಂದೂ ಹಾಗೇ ಆಯಿತು. ಮೇಸ್ತ್ರಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸೋಫಾಕ್ಕೆ ಪಟ್ಟಿ ಎಳೆಯುತ್ತಿದ್ದ. ಅಂಚೆಯವನು ಚೀಟಿ ಮುಂದೆ ಹಿಡಿದ. ಯಾರದು ಎಂತದು ಎಂದು ನೋಡದೆ ಮೇಸ್ತ್ರಿ ಸಹಿ ಗೀಚಿದ. ಸಂಜೆ ವಿದ್ಯುತ್ ಬಿಲ್ಲು, ಮದುವೆಯ ಕರೆಯೋಲೆಗಳ ಜೊತೆ ಅದೂ ಹೋಯಿತು.

ನೋಟೀಸು ತಲುಪಿತು ಎಂಬ ಅಂಚೆಯ ಚೀಟಿ ತಿರುಗಿ ಬಂದಾಗ ಅದರ ಮೇಲೆ ಇದ್ದದ್ದು ಗಂಡನದೇ ಸಹಿ. ಗವಸಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಯ್ಯುವುದಕ್ಕೂ ತ್ರಾಣ ಬೇಕು.

"ರೀ, ನಾವು ಬರೆದ ನೋಟೀಸಿಗೆ ನೀವೇ ಸಹಿ ಹಾಕಿ ತಗೊಂಡಿದ್ದೀರಲ್ಲ."

ಮೇಸ್ತ್ರಿ ಚೀಟಿ ನೋಡಿದ, ಹೆಂಡತಿಯನ್ನು ನೋಡಿದ. "ಅಭ್ಯಾಸ ಬಲ ಕಣೇ," ಅಂದ.

ವಕೀಲಮ್ಮ ಮೊದಲು ನಕ್ಕಳು, ಆಮೇಲೆ ಹಣೆ ಒತ್ತಿಕೊಂಡಳು. ವಿಳಾಸ ಸರಿಯಾಗಿದೆ, ವಾದ ಮಾಡಬಹುದು. ಆದರೆ ಕೊಟ್ಟವರೂ ನೀವೇ, ತಗೊಂಡವರೂ ನೀವೇ ಎಂದು ಆ ಕಡೆಯವರು ಕೇಳಿದರೆ ಉತ್ತರ ತೆಳ್ಳಗಾಗುತ್ತದೆ. ಇನ್ನೊಂದು ಪ್ರತಿ ತಗೊಂಡು ಅವರ ಮನೆಗೇ ಹೋಗಿ, ತಲುಪಿತು ಎಂದು ತಾರೀಕು ಸಮೇತ ಬರೆಸಿಕೊಂಡು ಬನ್ನಿ ಎಂದಳು.

ಇದೆಲ್ಲ ಆಗುವಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು. ಆ ತಿಂಗಳು ಪೂರ್ತಿ ಯಜಮಾನರು ಸಂಜೆ ಬಂದರು, ಕೂತರು, ಚಹಾ ಕುಡಿದರು. ನೋಟೀಸಿನ ಮಾತು ಎತ್ತಲಿಲ್ಲ. ಓದಿದ್ದಾರೋ ಇಲ್ಲವೋ ಎಂದು ಗವಸಮ್ಮ ಹೊಲಿಗೆಯಿಂದ ತಲೆ ಎತ್ತಿ ಎತ್ತಿ ನೋಡಿದ್ದಳು. ಅವರ ಮುಖ ಗೋಡೆಯ ಹಾಗಿತ್ತು.

ಮರುದಿನ ಮಧ್ಯಾಹ್ನ ಅವಳೊಬ್ಬಳೇ ಅವರ ಮನೆಗೆ ಹೋದಳು. ಯಜಮಾನರು ವರಾಂಡದಲ್ಲಿ ಕಾಲು ಚಾಚಿಕೊಂಡಿದ್ದರು. ಕಾಗದ ಕೊಟ್ಟಳು. ಅವರು ಕನ್ನಡಕ ಹುಡುಕಲಿಲ್ಲ.

"ಇದನ್ನ ಓದಿದ್ದೀನಮ್ಮ," ಅಂದರು.

"ಯಾವಾಗ ಅಣ್ಣಾ?"

"ಬಂದ ದಿನವೇ." ಚಾಚಿದ ಕಾಲು ಮಡಚಿಕೊಂಡರು. "ಮಾತಾಡದಿದ್ರೆ ತಾನಾಗೇ ಹೋಗ್ಬಹುದು ಅಂದ್ಕೊಂಡೆ. ನೆಗಡಿ ಹೋಗಲ್ವಾ, ಹಾಗೆ."

ಮಳಿಗೆ ಖಾಲಿಯಾದರೆ ಬೇರೆ ಯಾರೂ ಬರುವುದಿಲ್ಲ, ಮೂರೂ ಬಾಗಿಲು ಮುಚ್ಚಿದ ಕಟ್ಟಡ ಬೀದಿಗೆ ಹೆಣದ ಹಾಗೆ ಕಾಣುತ್ತದೆ ಎಂದರು. ಬಾಡಿಗೆ ಸ್ವಲ್ಪ ಇಳಿಸುತ್ತೇನೆ ಎಂದೂ ಹೇಳಿ ನೋಡಿದರು. ಅವಳು ಜಗಳಕ್ಕೆ ಹೋಗಲಿಲ್ಲ. ಬಲಗೈ ಎತ್ತಿ ತೋರಿಸಿದಳು, ಎಷ್ಟು ಏಳುತ್ತದೋ ಅಷ್ಟು.

"ಬಾಡಿಗೆ ಇಳಿಸಬಹುದು ಅಣ್ಣಾ. ಇದನ್ನ ಯಾರು ಏರಿಸ್ತಾರೆ?"

ಯಜಮಾನರು ಪೆನ್ನು ತರಿಸಿದರು. ತಲುಪಿತು ಎಂದು ಬರೆದು ಸಹಿ ಮಾಡಿದರು. ತಾರೀಕಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಇವತ್ತಿನದು ಹಾಕ್ತೀನಿ," ಅಂದರು. ದನಿಯಲ್ಲಿ ಸಣ್ಣ ನಾಚಿಕೆ ಇತ್ತು, ಆದರೆ ಕೈ ಹಿಂದೆ ಸರಿಯಲಿಲ್ಲ.

ಗವಸಮ್ಮನಿಗೆ ತಕ್ಷಣ ಅರ್ಥವಾಯಿತು. ಹಳೆಯ ತಾರೀಕು ಹಾಕಿದರೆ ಉಳಿದದ್ದು ಎರಡು ತಿಂಗಳು. ಇವತ್ತಿನದಾದರೆ ಪೂರ್ತಿ ಮೂರು. ಇನ್ನೊಂದು ತಿಂಗಳ ಬಾಡಿಗೆ, ಇನ್ನೊಂದು ತಿಂಗಳ ರೆಕ್ಸಿನ್ನು. ಬಂದ ದಿನವೇ ಓದಿದೆ ಎಂದು ಈಗ ತಾನೇ ಬಾಯಿಬಿಟ್ಟಿದ್ದೀರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಆಡಿದರೆ ಅವರು ಪೆನ್ನು ಕೆಳಗಿಟ್ಟಾರು. ಆಮೇಲೆ ವಕೀಲಮ್ಮ, ಮತ್ತೆ ಅಂಚೆ, ಮತ್ತೆ ಅಲೆದಾಟ.

"ಹಾಕಿ," ಅಂದಳು. "ಒಂದು ತಾರೀಕು ಅಂತ ಇದ್ರೆ ಸಾಕು."

ಸಹಿಯಾದ ಪ್ರತಿಯನ್ನು ಸೆರಗಿನೊಳಗೆ ಮಡಿಸಿಕೊಂಡು ಮಳಿಗೆಗೆ ಬಂದಳು. ಮೇಸ್ತ್ರಿ ಕೇಳಿದ, ಹೇಳಿದಳು. ಒಂದು ತಿಂಗಳು ದಂಡವಾಯಿತಲ್ಲ, ನನ್ನ ಸಹಿಯಿಂದ ಎಂದು ಅವನು ಗೊಣಗಿದ. ಆಯಿತು ಬಿಡಿ ಎಂದು ಮಿಷನ್ನಿಗೆ ಕೂತಳು.

ಅಷ್ಟರಲ್ಲಿ ಹೋಟೆಲಿನವನೊಬ್ಬ ಬಂದ. ಊಟದ ಕೋಣೆಯ ಕುರ್ಚಿಗಳಿಗೆಲ್ಲ ಹೊಸ ಗವಸು ಆಗಬೇಕು, ಈಗಲೇ ಅಲ್ಲ, ನಾಲ್ಕೈದು ತಿಂಗಳು ಬಿಟ್ಟು ಕಳಿಸುತ್ತೇನೆ ಎಂದ. ದೊಡ್ಡ ಕೆಲಸ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಗವಸಮ್ಮ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದಳು.

"ಆಗ ನಾವು ಇಲ್ಲಿ ಇರಲ್ಲಪ್ಪ," ಅಂದಳು. ಹೇಳಿದ ಮೇಲೆ, ಮಿಷನ್ನು ಮತ್ತೆ ಶುರುಮಾಡಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.