ಕಳಕಮ್ಮನ ದೆವ್ವಕ್ಕೆ ಒಂದು ಹೆಗಲು ಎತ್ತರ

ಕಿನ್ನಾಳದ ಕಳಕಮ್ಮ ನಲವತ್ತು ವರ್ಷ ದೇವರ ಗೊಂಬೆ ಮಾಡಿದವಳು. ದೆವ್ವ ಮಾಡುವ ಕೆಲಸ ಬಂದದ್ದು ಮಾತ್ರ ಈ ವರ್ಷ. ಗಂಗಾವತಿಯ ಸಿದ್ದಾರ್ಥ ಭಯದ ಕಿರುಚಿತ್ರ ತೆಗೆಯುತ್ತಿದ್ದ, ಅದಕ್ಕೊಂದು ದೆವ್ವದ ಗೊಂಬೆ ಬೇಕಿತ್ತು.

ಮೊದಲ ದೆವ್ವಕ್ಕೆ ಕೋರೆಹಲ್ಲು, ಕೆಂಪು ನಾಲಿಗೆ ಇಟ್ಟಳು. ಹುಣಸೆ ಬೀಜದ ಅಂಟಿನ ವಾಸನೆಗೆ ಬಂದ ಪಕ್ಕದ ಮನೆಯ ಆಡು ಅದರ ಕಿವಿ ತಿಂದು ಹೋಯಿತು.

"ಆಡಿಗೇ ಅಂಜಿಕಿ ಬರಲಿಲ್ಲ. ಕತಿ ಹೇಳಪ್ಪಾ," ಎಂದು ಕಳಕಮ್ಮ ಸಿದ್ದಾರ್ಥನನ್ನು ಕೇಳಿದಳು.

ಅವನು ಚಿತ್ರದ ಕತೆ ಹೇಳಿದ. ಮಗಳು ಕಾಲುವೆಯಲ್ಲಿ ಮುಳುಗಿ ಹೋದಳು. ತಾಯಿ ಅವಳ ಬಟ್ಟೆಬರೆ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿ ಬೀಗ ಹಾಕುತ್ತಾಳೆ, ಅಳುವುದಿಲ್ಲ. ಆಮೇಲೆ ಅಟ್ಟದಲ್ಲಿ ಏನೋ ಉಸಿರಾಡುತ್ತದೆ. ಕೊನೆಗೆ ಸೀಮೆಎಣ್ಣೆ ಸುರಿದು ಅದನ್ನು ಸುಡುತ್ತಾಳೆ.

"ಅದು ಅಕಿಗಷ್ಟ ಕಾಣತೈತೇನು?"

"ಹೌದ್ರಿ. ಯಾರಾದ್ರೂ ಕೇಳಿದಾಗ ಅಕಿ 'ನಾ ಛಲೋ ಅದೀನಿ' ಅಂದ್ರ ಅದು ಒಂದು ಗೇಣು ಬೆಳೀತೈತಿ."

"ಹಂಗಾರ ಅದು ದೆವ್ವ ಅಲ್ಲೋ ತಮ್ಮಾ, ಬೀಗ ಹಾಕಿದ ದುಃಖ. ಒಳಗ ಹಾಕಿದಷ್ಟೂ ಬೆಳಿಯೂದು ಅದs. ಪೆಟ್ಟಿಗ್ಯಾಗ ಏನೈತೋ ಅದನ್ನ ಉಟ್ಕೊಂಡು ಬರತೈತಿ. ಅದನ್ನ ಸುಟ್ರ ಆ ಹುಡುಗೀನ್ನs ಸುಟ್ಟಂಗ ಆಗತೈತಿ."

"ಸುಡದಿದ್ರ ಜನ ಸೀಟಿ ಹೊಡಿಯೂದಿಲ್ರಿ ಯವ್ವಾ!"

"ಆಡಿನ ಕರಕೊಂಡು ಬಾ, ಅದು ಹೊಡೀತೈತಿ."

ಎರಡನೆಯ ದೆವ್ವಕ್ಕೆ ಹಲ್ಲಿಲ್ಲ, ನಾಲಿಗೆಯೂ ಇಲ್ಲ. ಒದ್ದೆ ಕೂದಲು, ತಗ್ಗಿದ ತಲೆ. ಮೂರು ದಿನ ಕೈ ತಾನೇ ನಡೆಯಿತು. ನೋಡಲು ಬಂದ ನಾದಿನಿ ಶಿವಲಿಂಗಮ್ಮ ಬಾಗಿಲಲ್ಲೇ ನಿಂತು ಬಿದ್ದು ಬಿದ್ದು ನಕ್ಕಳು.

"ಏ ವೈನಿ! ಎಡಗಡೆ ಹೆಗಲು ನೋಡು, ಮ್ಯಾಲೆ ಐತಿ. ನಮ್ಮಣ್ಣ ಕುಂತಾನ!"

ಕಳಕಮ್ಮ ನೋಡಿದಳು. ಹೌದು, ಗಂಡ ಮುದುಕಪ್ಪ ಬಣ್ಣ ಬಳಿಯುವಾಗ ಹೀಗೇ ಒಂದು ಹೆಗಲು ಎತ್ತಿ ಕೂರುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷ. ಅವನ ಮಣೆಯ ಮೇಲೆ ಅವಳು ಯಾರನ್ನೂ ಕೂಡ್ರಿಸಿಲ್ಲ, ತೆಂಗಿನ ಚಿಪ್ಪಿನಲ್ಲಿ ಒಣಗಿದ ಅವನ ಹಳದಿ ಬಣ್ಣವನ್ನು ಮುಟ್ಟಿಲ್ಲ. ಯಾರು ಕೇಳಿದರೂ "ಛಲೋ ಅದೀನಿ" ಎಂದೇ ಹೇಳಿದ್ದಾಳೆ. ನಗುತ್ತಲೇ ಇದ್ದ ನಾದಿನಿ ಇವಳ ಕಣ್ಣು ನೋಡಿ ಒಳಗೆ ಬಂದು ಪಕ್ಕದಲ್ಲಿ ಕೂತಳು.

ಮರುದಿನ ಸಿದ್ದಾರ್ಥ ಬಂದಾಗ ಕಳಕಮ್ಮ ದೆವ್ವದ ತಲೆಗೆ ಸೆರಗು ಸುತ್ತಿ ಅಪ್ಪಿಕೊಂಡು ಕೂತಿದ್ದಳು.

"ಸುಡೂದಾದ್ರ ಕೊಡೂದಿಲ್ಲ. ತಾಯಿ ಬೀಗ ತಗೀಲಿ, ಅಂಗಿ ಮಡಚ್ಲಿ, ಅಳ್ಲಿ. ಆಗ ಅದು ಸಣ್ಣದಾಗತೈತಿ, ಆದ್ರ ಸಾಯೂದಿಲ್ಲ. ಮೂಲ್ಯಾಗ ಕುಂದ್ರತೈತಿ. ಅಕಿ ದಿನಾ ಒಂದು ತುತ್ತು ಇಡ್ತಾಳ."

ಸಿದ್ದಾರ್ಥ ತಲೆ ಕೆರೆದುಕೊಂಡು, "ಆತ್ರಿ," ಎಂದ.

ಚಿತ್ರೀಕರಣ ಮುಗಿಸಿ ದೆವ್ವ ಮನೆಗೆ ಮರಳಿತು. ದೇವರಿಗೆ ದೀಪ ಹಚ್ಚಿದ ಕಳಕಮ್ಮ, ಒಣಗಿದ ಹಳದಿಗೆ ನೀರು ಹಾಕಿದಳು, ತುಸು ಹೊತ್ತು ಅತ್ತಳು. ಆಮೇಲೆ ದೆವ್ವವನ್ನು ಗಂಡನ ಮಣೆಯ ಒಂದು ತುದಿಗೆ ಇಟ್ಟು, "ಸ್ವಲ್ಪ ಸರಕೊಳ್ರಿ," ಎಂದು ಗದರಿ ತಾನೂ ಕೂತಳು.

"ಹೆಂಗದೀ ವೈನಿ?" ಎಂದು ಶಿವಲಿಂಗಮ್ಮ ಇಣುಕಿದಳು.

"ಛಲೋ ಇಲ್ಲ. ಚಾ ಇಡು, ಮೂರು ಕಪ್ಪು."