ಮೂರೇ ಚುಕ್ಕಿ

ನಾಗೇಂದ್ರಪ್ಪ ಮೇಷ್ಟ್ರು ಭೌತಶಾಸ್ತ್ರದ ಲ್ಯಾಬಿನಲ್ಲಿದ್ದರೆ ಚನ್ನಗಿರಿಯ ನಮ್ಮ ಪಿ.ಜಿ. ಕೇಂದ್ರದಲ್ಲಿ ಯಾರೂ ಸೀನುವಂತಿರಲಿಲ್ಲ. ದೂರದ ತ್ಯಾವಣಿಗೆಯಲ್ಲಿ ಎಮ್ಮೆ ಬಾಲ ಬೀಸಿದರೂ ಅವರ ಯಂತ್ರ ಬೆಚ್ಚುತ್ತಿತ್ತು. ಅದು ಪರಮಾಣುಗಳನ್ನು ತೋರಿಸುವ ಟನೆಲಿಂಗ್ ಸೂಕ್ಷ್ಮದರ್ಶಕ. ಯಾವುದೋ ದೊಡ್ಡ ಸಂಸ್ಥೆ ಬಳಸಿ ಬಿಟ್ಟದ್ದು, ಕೈಪಿಡಿಯಿಲ್ಲದೆ ನಮಗೆ ಬಂದಿತ್ತು. ಮೇಷ್ಟ್ರು ಅದನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು, ಆ ಕಲ್ಲನ್ನು ಬೈಕಿನ ಟ್ಯೂಬುಗಳಲ್ಲಿ ತೂಗುಹಾಕಿದ್ದರು. ತಮ್ಮ ಮೊಮ್ಮಗಳ ತೊಟ್ಟಿಲನ್ನೂ ಅಷ್ಟು ಜೋಪಾನವಾಗಿ ಕಟ್ಟಿದವರಲ್ಲ.

ಅವರು ಸಂತೇಬೆನ್ನೂರಿನವರು. ರಸಾಯನಶಾಸ್ತ್ರ ಹೇಳುತ್ತಿದ್ದ ನನಗೆ ಚಹಾ ಹೊತ್ತಿನಲ್ಲಿ ಪಾಠ ಹೇಳಿ ಹೇಳಿ ಆ ಯಂತ್ರ ಕೆಲಸ ಮಾಡುವ ಬಗೆಯನ್ನು ತಲೆಗೆ ಹತ್ತಿಸಿದರು. ಲೋಹದ ಮೊನೆಯೊಂದನ್ನು ಗ್ರಾಫೈಟಿನ ತೀರ ಹತ್ತಿರ ತರಬೇಕು, ಆದರೆ ಮುಟ್ಟಿಸಬಾರದು. ಎರಡರ ನಡುವೆ ಸಣ್ಣ ವೋಲ್ಟೇಜು ಕೊಟ್ಟರೆ, ಖಾಲಿ ಜಾಗವನ್ನೂ ದಾಟಿ ಎಲೆಕ್ಟ್ರಾನುಗಳು ಹಾಯುತ್ತವೆ. ಮೊನೆ ನ್ಯಾನೋಮೀಟರಿನ ಹತ್ತನೇ ಒಂದು ಪಾಲು ಹಿಂದೆ ಸರಿದರೆ ಆ ಕರೆಂಟು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಇನ್ನೂ ಅಷ್ಟೇ ಸರಿದರೆ ನೂರರಲ್ಲಿ ಒಂದಕ್ಕೆ. ಹಾಗಾಗಿ ಮೊನೆಯಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿಕೊಂಡ ಒಂದೇ ಪರಮಾಣು ಹೆಚ್ಚುಕಡಿಮೆ ಎಲ್ಲ ಕರೆಂಟನ್ನೂ ಹೊರುತ್ತದೆ, ಹಿಂದಿನವು ಬರೀ ನಿಂತು ನೋಡುತ್ತವೆ. ಪ್ಲಾಟಿನಂ-ಇರಿಡಿಯಂ ತಂತಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಓರೆಯಾಗಿ ಹಿಡಿದು ಎಳೆದು ಕತ್ತರಿಸಿದರೂ ಮೊನೆ ಕೆಲಸ ಮಾಡುವುದು ಇದರಿಂದಲೇ. ಕರೆಂಟು ಬದಲಾಗದಂತೆ ಯಂತ್ರ ಮೊನೆಯನ್ನು ಏರಿಸುತ್ತ ಇಳಿಸುತ್ತ ಸಾಲು ಸಾಲಾಗಿ ಓಡಿಸುತ್ತದೆ. ಆ ಏರಿಳಿತವೇ ಚಿತ್ರ.

ಇಷ್ಟೆಲ್ಲ ಗೊತ್ತಿದ್ದೂ ಅವರಿಗೆ ವರ್ಷಗಟ್ಟಲೆ ಪರದೆಯ ಮೇಲೆ ಮಂಜೇ ಕಂಡದ್ದು.

ಚುಕ್ಕಿಗಳು ಮೊದಲು ಕಂಡದ್ದು ರಕ್ಷಾಳಿಗೆ. ಸಾಸ್ವೆಹಳ್ಳಿಯ ಹುಡುಗಿ, ಎಂ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟು ಚೆನ್ನಾಗಿ ಆದರೆ ಸಂಶೋಧನೆಗೆ ಹೋಗುವುದೆಂದು ಮನೆಯಲ್ಲಿ ಒಪ್ಪಿಸಿದ್ದಳು, ಆಗದಿದ್ದರೆ ಬಿ.ಎಡ್. ಗ್ರಾಫೈಟಿನ ಮೇಲ್ಪದರವನ್ನು ಗಮ್ ಟೇಪಿನಿಂದ ಸುಲಿದು, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಕೂತಿದ್ದಳು. ಚಿತ್ರ ಮೂಡಿದಾಗ ಮೇಷ್ಟ್ರನ್ನು ಕರೆದಳು. ನಾನೂ ಹಿಂದೆಯೇ ಹೋದೆ. ಪರದೆಯ ತುಂಬ ಚುಕ್ಕಿಗಳು, ರಾಗಿ ನಾಟಿ ಹಾಕಿದ ಹಾಗೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. ಮುಖ ಬಾಡಿತು. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಆರಾರು ಸೇರಿ ಜೇನುಗೂಡಿನ ಕಣ್ಣಿನಂತೆ ಕೂತಿರುತ್ತವೆ. ಇಲ್ಲಿ ಪ್ರತಿ ಕಣ್ಣಿನಲ್ಲೂ ಒಂದು ಬಿಟ್ಟು ಒಂದು ಮಾಯ.

"ಆರು ಇರಬೇಕಾದಲ್ಲಿ ಮೂರೇ ಅವೆ. ಮೊನೆ ಸರಿ ಇಲ್ಲಮ್ಮ, ಹೊಸದು ಕತ್ತರಿಸು."

"ಇದು ಯಂತ್ರದ ನಾಯ್ಸ್ ಅಲ್ಲ ಸಾರ್. ಸ್ಕ್ಯಾನ್ ಜಾಗ ಅರ್ಧ ಮಾಡಿದ್ರೆ ಚುಕ್ಕಿ ದೂರ ದೂರ ಆಗ್ತಾವೆ, ನಾಯ್ಸ್ ಆಗಿದ್ರೆ ಹಂಗೇ ಇರ್ತಿದ್ವು. ನೆಟ್ಟಲ್ಲಿ ಬೇರೇರಿಗೂ ಮೂರೇ ಬಂದಾವೆ."

"ಹಂಗಾದ್ರೆ ಅವರ ಮೊನೆನೂ ಕೆಟ್ಟಿರ್ಬೇಕು."

ನಾನು ನಕ್ಕೆ. ರಕ್ಷಾ ನಗಲಿಲ್ಲ.

ಮೊನೆಯ ಮೇಲೆ ಮೊನೆ ಕತ್ತರಿಸಿದಳು. ಪ್ರತಿಯೊಂದೂ ಅದೇ ಮೂರು ತೋರಿಸಿತು. ಕೆಟ್ಟ ಚಿತ್ರಗಳನ್ನು ಇಟ್ಟುಕೊಳ್ಳಬಾರದೆಂಬುದು ಮೇಷ್ಟ್ರ ಕಟ್ಟುನಿಟ್ಟು, ಸುಳ್ಳು ಫಲಿತಾಂಶಕ್ಕೆ ಅವರು ಅಷ್ಟು ಹೆದರುತ್ತಿದ್ದರು. ಅಳಿಸಿ ಹಾಕಲು ಹೇಳಿದರು, ಅಳಿಸಿದಳು. ಕೊನೆಗೆ ಪ್ರಾಜೆಕ್ಟಿನಲ್ಲಿ ಯಂತ್ರದ ವರ್ಣನೆಯಷ್ಟೇ ಉಳಿಯಿತು. ಬಿ.ಎಡ್. ಮುಗಿಸಿ ಜಗಳೂರಿನ ಹೈಸ್ಕೂಲಿಗೆ ಟೀಚರಾದಳು. ಅಷ್ಟರಲ್ಲಿ ಯಂತ್ರದಲ್ಲಿ ಮೊನೆಯನ್ನು ಕದಲಿಸುವ ಹರಳು ಬಿರಿಯಿತು. ರಿಪೇರಿಯವನು ಬರುತ್ತೇನೆಂದದ್ದು ಇನ್ನೂ ಬರುತ್ತಲೇ ಇದ್ದಾನೆ.

ಹೋದ ವರ್ಷ ಮೇಷ್ಟ್ರು ಮೈಸೂರಿನಲ್ಲಿ ತರಬೇತಿಗೆ ಹೋಗಿದ್ದರು. ಅಲ್ಲಿ ಪಾಠ ಮಾಡಿದವರು ಮಾತಿನ ನಡುವೆ ಹೇಳಿದರಂತೆ: ಗ್ರಾಫೈಟ್ ಪದರಗಳು ಒಂದರ ಮೇಲೊಂದು ತುಸು ಪಕ್ಕಕ್ಕೆ ಸರಿದು ಕೂತಿವೆ. ಮೇಲ್ಪದರದ ಅರ್ಧದಷ್ಟು ಪರಮಾಣುಗಳ ಕೆಳಗೆ ನೇರವಾಗಿ ಇನ್ನೊಂದು ಪರಮಾಣು ಇರುತ್ತದೆ, ಅವುಗಳಿಂದ ಕರೆಂಟು ಕಡಿಮೆ. ಕೆಳಗೆ ಖಾಲಿಯಿರುವ ಇನ್ನರ್ಧವಷ್ಟೇ ಹೊಳೆಯುತ್ತದೆ. ಮೊನೆ ಅಳೆಯುವುದು ಎತ್ತರವನ್ನಷ್ಟೇ ಅಲ್ಲ, ಎಲೆಕ್ಟ್ರಾನುಗಳನ್ನು. ಮೂರು ಕಂಡರೆ ಸರಿಯಾಗಿ ಕಂಡಿತೆಂದೇ ಅರ್ಥ.

ಊರಿಗೆ ಬಂದವರು ಅನ್ನ ಬಿಟ್ಟವರಂತಾದರು. "ಅವಳಿಗೆ ಹೇಳ್ಬೇಕು ಕಣಯ್ಯ, ಬಾ," ಎಂದು ನನ್ನನ್ನೂ ಜಗಳೂರಿನ ಬಸ್ಸಿಗೆ ಹತ್ತಿಸಿದರು. ದಾರಿಯುದ್ದಕ್ಕೂ ನನಗೆ ಒಂದು ಜೋಕನ್ನೂ ಹೇಳಲು ಬಿಡಲಿಲ್ಲ.

ರಕ್ಷಾ ಸ್ಟಾಫ್ ರೂಮಿನ ಹೊರಗೆ ನಿಂತೇ ಕೇಳಿಸಿಕೊಂಡಳು. ಈಗಲೂ ಸಂಶೋಧನೆಗೆ ಸೇರು, ಶಿಫಾರಸು ಬರೆಯುತ್ತೇನೆ ಎಂದರು ಮೇಷ್ಟ್ರು. ಅವಳು ಸೆರಗು ಸರಿಮಾಡಿಕೊಂಡಳು.

"ಅಷ್ಟು ಮೊನೆಗೂ ಅದೇ ಮೂರು ಯಾಕೆ ಬರ್ತಾವೆ ಅಂತ ನೀವು ಅವತ್ತೊಂದ್ಸಲ ಕೇಳ್ಬೇಕಿತ್ತು ಸಾರ್. ಈಗ ಎಲ್ಲಿ ಹೋಗಾಕೆ ಆಗುತ್ತೆ? ಮನೇಲಿ ಮಗು ಐತೆ, ಇಲ್ಲಿ ಈ ಸ್ಕೂಲ್ ಮಕ್ಳು ಅವೆ. ಚಹಾ ಕುಡ್ದು ಹೋಗ್ರಿ."

ಬೆಲ್ಲು ಹೊಡೆಯಿತು. ಹತ್ತನೇ ತರಗತಿಗೆ ಇಂಗಾಲದ ಪಾಠ. ಕಿಟಕಿಯ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಅವಳು ಬೋರ್ಡಿನ ಮೇಲೆ ಜೇನುಗೂಡು ಬರೆಯುತ್ತಿದ್ದಳು. ಈ ಪರಮಾಣುಗಳನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ ಎಂದು ಒಂದು ಮಗು ಕೇಳಿತು.

"ಯಾರೋ ನೋಡ್ಯಾರಂತೆ," ಎಂದಳು ರಕ್ಷಾ.

ಮೇಷ್ಟ್ರು ಎದ್ದು ಕಿಟಕಿಯ ಸರಳು ಹಿಡಿದರು.

"ನಿಮ್ಮ ಟೀಚರ್ರೇ ನೋಡ್ಯಾರೆ. ಅಲ್ಲ ಅಂದೋನು ನಾನು."

ಇಡೀ ತರಗತಿ ಕಿಟಕಿಯ ಕಡೆ ತಿರುಗಿತು. ರಕ್ಷಾ ತಿರುಗಲಿಲ್ಲ. ಬೋರ್ಡಿಗೆ ಮುಖ ಮಾಡಿಯೇ ನಿಂತಿದ್ದಳು, ಸೀಮೆಸುಣ್ಣ ಹಿಡಿದ ಕೈ ಮಾತ್ರ ನಿಂತುಹೋಗಿತ್ತು.